ಬೀಗ ಬಿದ್ದ ಬೆಲೆ: ಕಾಫಿ ಡೇ ಷೇರಿನ ಮೂರು ದಿನಗಳು

2019ರ ಜುಲೈ 29, ಸೋಮವಾರ. ಮುಂಬೈ ಷೇರುಪೇಟೆಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ಷೇರು ಮಧ್ಯಾಹ್ನ ಮೂರೂವರೆಗೆ 192.55 ರೂಪಾಯಿಯಲ್ಲಿ ದಿನ ಮುಗಿಸಿತು. ಅಂದು ಸಂಜೆ ಕಂಪನಿಯ ಸ್ಥಾಪಕ ವಿ.ಜಿ. ಸಿದ್ಧಾರ್ಥ ಮಂಗಳೂರಿನ ಬಳಿ ನೇತ್ರಾವತಿ ಸೇತುವೆಯಲ್ಲಿ ಕಾರಿನಿಂದ ಇಳಿದವರು ಮರಳಲಿಲ್ಲ. ರಾತ್ರಿಯಿಡೀ ಸುದ್ದಿ ಹಬ್ಬಿತು. ಬುಧವಾರ ಬೆಳಗ್ಗೆ ನದಿಯಲ್ಲಿ ಅವರ ದೇಹ ಸಿಕ್ಕಿತು.

ಆ ಸಾವಿನ ದುಃಖದ ಮುಂದೆ ಷೇರಿನ ಮಾತು ಚಿಕ್ಕದು. ಆದರೂ ಈ ಪ್ರಕರಣವನ್ನು ಬಿಡಿಸಿ ಬರೆಯುವುದು ಅಗತ್ಯವೆನಿಸುತ್ತದೆ. 2015ರ ಅಕ್ಟೋಬರಿನಲ್ಲಿ ಈ ಕಂಪನಿ ಪ್ರತಿ ಷೇರಿಗೆ 328 ರೂಪಾಯಿಯಂತೆ ಸಾರ್ವಜನಿಕರಿಂದ ಹಣ ಎತ್ತಿದಾಗ, ನಮ್ಮ ಜಿಲ್ಲೆಯ ಕಂಪನಿ, ನಮ್ಮ ಬೆಳೆಯ ಕಂಪನಿ ಎಂಬ ಅಭಿಮಾನಕ್ಕೇ ಎಷ್ಟೋ ಜನ ಅದನ್ನು ಕೊಂಡು ಇಟ್ಟುಕೊಂಡಿದ್ದರು. ಬೇರೆ ಷೇರು ಮುಟ್ಟದವರೂ ಅವರಲ್ಲಿದ್ದರು. ಸರ್ಕ್ಯೂಟ್ ಎಂದರೇನು ಎಂಬುದು ಅಂಥವರಿಗೆ ಗೊತ್ತಾಗಿದ್ದು ಅದರೊಳಗೆ ಸಿಕ್ಕಿಕೊಂಡ ಮೇಲೆ.

ಮೊದಲು ಮುಂಬೈ ಷೇರುಪೇಟೆಯ ಅಂಕಿಗಳನ್ನು ನೋಡೋಣ. ಮಂಗಳವಾರ ಬೆಳಗಿನ ವಹಿವಾಟಿನಲ್ಲೇ ಷೇರು ಶೇ 20ರಷ್ಟು ಕುಸಿದು 154.05ಕ್ಕೆ ಬಂತು. ಬುಧವಾರ ಮತ್ತೆ ಶೇ 20 ಇಳಿದು 123.25. ಗುರುವಾರ ಶೇ 10 ಇಳಿದು 110.95. ಮೂರು ದಿನಗಳಲ್ಲಿ ಕರಗಿದ್ದು ಶೇ 42ಕ್ಕೂ ಹೆಚ್ಚು. ಪತ್ರಿಕೆಗಳಲ್ಲಿ ಇದು ಕುಸಿತದ ಕಥೆಯಾಗಿ ಬಂತು. ಷೇರು ಇಟ್ಟುಕೊಂಡವರ ಪಾಲಿಗೆ ಕುಸಿತಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ತೆರೆಯ ಮೇಲೆ ಕಾಣುತ್ತಿದ್ದ ಬೆಲೆಗೆ ಮಾರಲು ಹೋದರೆ ಕೊಳ್ಳುವವರು ಸಿಗುತ್ತಿರಲಿಲ್ಲ.

ಆ 154.05 ಎಲ್ಲಿಂದ ಬಂತು? ಅದನ್ನು ಮಾರುಕಟ್ಟೆ ಚೌಕಾಸಿ ಮಾಡಿ ಕಂಡುಕೊಂಡಿರಲಿಲ್ಲ. ಬಹುತೇಕ ಷೇರುಗಳಿಗೆ ಷೇರುಪೇಟೆ ಒಂದು ದರ ಮಿತಿ ಗೊತ್ತುಮಾಡಿರುತ್ತದೆ, ಸರ್ಕ್ಯೂಟ್ ಎನ್ನುವುದು ಇದನ್ನೇ. ಹಿಂದಿನ ದಿನದ ಮುಕ್ತಾಯ ಬೆಲೆಯ ಶೇ 2, 5, 10 ಅಥವಾ 20, ಮೇಲಕ್ಕೂ ಕೆಳಕ್ಕೂ ಅಷ್ಟೇ. 192.55ರಲ್ಲಿ ಶೇ 20 ಕಳೆದರೆ 154.04. ಬೆಲೆ ಐದು ಪೈಸೆಯ ಹೆಜ್ಜೆಯಲ್ಲಿ ಮಾತ್ರ ಚಲಿಸುತ್ತಿದ್ದುದರಿಂದ ಅದು 154.05 ಆಯಿತು. ಸೋಮವಾರ ಸಂಜೆಯೇ, ಸುದ್ದಿ ಹೊರಬೀಳುವ ಮೊದಲೇ, ಮಂಗಳವಾರದ ತಳ ಎಲ್ಲಿರುತ್ತದೆಂದು ಕಾಗದದ ಮೇಲೆ ಯಾರು ಬೇಕಾದರೂ ಬರೆದಿಡಬಹುದಿತ್ತು. 154.05ರಲ್ಲಿ ಶೇ 20 ಕಳೆದು ನೋಡಿ, ಬುಧವಾರದ 123.25 ಬರುತ್ತದೆ. ಅದರಲ್ಲಿ ಶೇ 10 ಕಳೆದರೆ ಗುರುವಾರದ 110.95. ಕಂಪನಿಯ ಸಾಲ, ಆಸ್ತಿ, ಮುಂದಿನ ದಾರಿ ಯಾವುದೂ ಈ ಲೆಕ್ಕದಲ್ಲಿಲ್ಲ. ಇದು ಬರೀ ಗುಣಾಕಾರ.

ಇಲ್ಲೊಂದು ಗೊಂದಲ ಸಾಮಾನ್ಯವಾಗಿ ಆಗುತ್ತದೆ. ಸೂಚ್ಯಂಕ ಶೇ 10, 15 ಅಥವಾ 20ರಷ್ಟು ಅಲುಗಿದಾಗ ಇಡೀ ಮಾರುಕಟ್ಟೆಯ ವಹಿವಾಟನ್ನೇ ನಿಲ್ಲಿಸುವ ವ್ಯವಸ್ಥೆಯಿದೆ. ಅದಕ್ಕೂ ಸರ್ಕ್ಯೂಟ್ ಎಂದೇ ಹೆಸರು. ಒಂದೊಂದು ಷೇರಿನ ದರ ಮಿತಿ ಹಾಗಲ್ಲ. ಮಿತಿ ಮುಟ್ಟಿದರೂ ವಹಿವಾಟು ನಿಲ್ಲುವುದಿಲ್ಲ, ಬಾಗಿಲು ತೆರೆದೇ ಇರುತ್ತದೆ. ಮಿತಿಗಿಂತ ಕಡಿಮೆ ಬೆಲೆ ಬರೆದ ಆರ್ಡರನ್ನು ಮಾತ್ರ ಗಣಕಯಂತ್ರ ತಿರಸ್ಕರಿಸುತ್ತದೆ. ಮಂಗಳವಾರ ಯಾರಾದರೂ 130 ರೂಪಾಯಿಗೆ ಮಾರಲು ಸಿದ್ಧರಿದ್ದು, ಇನ್ನೊಬ್ಬರು 130ಕ್ಕೆ ಕೊಳ್ಳಲು ಸಿದ್ಧರಿದ್ದರೂ, ಅವರಿಬ್ಬರೂ ಷೇರುಪೇಟೆಯಲ್ಲಿ ಕೈಕುಲುಕುವಂತಿರಲಿಲ್ಲ. ಬೀಗ ಎಂದು ನಾನು ಕರೆಯುತ್ತಿರುವುದು ಇದನ್ನೇ.

ಇದನ್ನು ಹತ್ತಿರದಿಂದ ನೋಡಲು ಮೂಡಿಗೆರೆಯ ಕಡೆಯ ಒಬ್ಬ ಬೆಳೆಗಾರರನ್ನು ಊಹಿಸಿಕೊಳ್ಳೋಣ. ಅವರ ಡಿಮ್ಯಾಟ್ ಖಾತೆಯಲ್ಲಿ 500 ಷೇರುಗಳಿವೆ. ಎಚ್ಚರದ ಮನುಷ್ಯ. 180ಕ್ಕೆ ಇಳಿದರೆ 178ಕ್ಕೆ ಮಾರು ಎಂದು ಮೊದಲೇ ಸ್ಟಾಪ್‌ಲಾಸ್ ಹಾಕಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಆಗಬಹುದಾದ ನಷ್ಟ ಷೇರಿಗೆ ಸುಮಾರು ಹದಿನೈದು ರೂಪಾಯಿ, ಒಟ್ಟು ಏಳು ಸಾವಿರದ ಆಸುಪಾಸು. ಸೋಮವಾರ ರಾತ್ರಿ ಮಲಗುವಾಗ ಇಷ್ಟಾದರೂ ಭದ್ರವಾಗಿದೆ ಎಂದುಕೊಂಡಿರುತ್ತಾರೆ.

ಸ್ಟಾಪ್‌ಲಾಸ್ ಎನ್ನುವುದು ಮಾರಾಟದ ಖಾತರಿಯಲ್ಲ. ಬೆಲೆ 180ಕ್ಕೆ ಬಂದರೆ ಅಥವಾ ಅದಕ್ಕಿಂತ ಕೆಳಗಿಳಿದರೆ ನನ್ನ ಆರ್ಡರನ್ನು ಎಬ್ಬಿಸು ಎಂಬ ಸೂಚನೆ ಅಷ್ಟೇ. ಬೆಲೆ 192ರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ 178ರ ಹತ್ತಿರ ಯಾರಾದರೂ ಕೊಳ್ಳುವವರು ಸಿಗುತ್ತಾರೆ. ರಾತ್ರಿ ಬಂದ ಸುದ್ದಿಯಿಂದ ನಡುವಿನ ಮೆಟ್ಟಿಲುಗಳೇ ಮಾಯವಾಗಿ ಬೆಲೆ ತಳ ಸೇರಿದರೆ, ಎದ್ದ ಆರ್ಡರ್ 178ಕ್ಕೆ ಮಾರುತ್ತೇನೆ ಎಂದು ಕೂಗುತ್ತಾ ನಿಲ್ಲುತ್ತದೆ. ಪಕ್ಕದಲ್ಲೇ ಸಾವಿರಾರು ಜನ 154.05ಕ್ಕೆ ಮಾರುತ್ತೇವೆ ಎನ್ನುತ್ತಿರುವಾಗ 178 ಕೊಟ್ಟು ಕೊಳ್ಳುವವರು ಯಾರು? ಈ ಆರ್ಡರ್ ಸಾಲಿನಲ್ಲಿ ಹಿಂದೆ ನಿಂತಿದೆ ಎಂದೂ ಹೇಳುವಂತಿಲ್ಲ, ಅದು ಸಾಲಿಗೇ ಸೇರಿಲ್ಲ. ಬೆಳೆಗಾರರಿಗೆ ಇದು ಅರಿವಾಗುವ ಹೊತ್ತಿಗೆ ಅಮೂಲ್ಯ ಸಮಯ ಕಳೆದಿರುತ್ತದೆ. ಹಳೆಯ ಆರ್ಡರನ್ನು ರದ್ದು ಮಾಡಿ 154.05ಕ್ಕೆ ಹೊಸದು ಹಾಕುವಷ್ಟರಲ್ಲಿ ಸಾಲು ಬೀದಿಯ ಕೊನೆ ಮುಟ್ಟಿರುತ್ತದೆ.

ಈಗ ಅವರು ಮೊಬೈಲಿನಲ್ಲಿ ಕೊಳ್ಳುವವರ ಮತ್ತು ಮಾರುವವರ ಪಟ್ಟಿಯನ್ನು ತೆರೆಯುತ್ತಾರೆ. ಸಾಮಾನ್ಯ ದಿನ ಎಡಗಡೆ ಕೊಳ್ಳುವವರ ಐದು ಬೆಲೆಗಳು, ಬಲಗಡೆ ಮಾರುವವರ ಐದು ಬೆಲೆಗಳು ಕಾಣುತ್ತವೆ, ಅಂಕಿಗಳು ಮಿನುಗುತ್ತಿರುತ್ತವೆ. ಬೀಗ ಬಿದ್ದ ದಿನ ಎಡಗಡೆ ಐದೂ ಸಾಲುಗಳಲ್ಲಿ ಸೊನ್ನೆ. ಬಲಗಡೆ ಮೊದಲ ಸಾಲಿನಲ್ಲಿ ತಳದ ಬೆಲೆ, ಅದರ ಎದುರು ಲಕ್ಷಗಳಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಗಳಿಗೆಗಳಿಗೆಗೆ ಏರುತ್ತದೆ. ಆಗೊಮ್ಮೆ ಈಗೊಮ್ಮೆ ನೂರೋ ಇನ್ನೂರೋ ಷೇರುಗಳ ವ್ಯಾಪಾರವಾಗುತ್ತದೆ. ಯಾರೋ ಧೈರ್ಯಸ್ಥ ಕೊಂಡ, ಸಾಲಿನ ಮುಂದಿದ್ದ ಯಾರೋ ಪಾರಾದ.

ಸಾಲಿನ ನಿಯಮ ಸರಳವಾಗಿದೆ. ಕಡಿಮೆ ಬೆಲೆಗೆ ಮಾರುವವರಿಗೆ ಮೊದಲ ಸ್ಥಾನ. ಬೆಲೆ ಒಂದೇ ಆದರೆ ಮೊದಲು ಬಂದವರಿಗೆ. ಬೀಗ ಬಿದ್ದಾಗ ಎಲ್ಲರೂ ಒಂದೇ ತಳದಲ್ಲಿ ನಿಂತಿರುವುದರಿಂದ ಬೆಲೆಯ ಸ್ಪರ್ಧೆ ಮುಗಿದಿರುತ್ತದೆ, ಉಳಿಯುವುದು ಸಮಯದ ಸ್ಪರ್ಧೆ ಮಾತ್ರ. ನಾನು ಇನ್ನೂ ಕಡಿಮೆಗೆ ಕೊಡುತ್ತೇನೆ, ನನ್ನನ್ನು ಮೊದಲು ಬಿಡಿ ಎನ್ನಲು ದಾರಿಯಿಲ್ಲ. ನಷ್ಟವನ್ನು ಒಪ್ಪಿಕೊಂಡು ಹೊರಡಲು ಸಿದ್ಧನಿರುವ ಮನುಷ್ಯನಿಗೂ ಆ ಅವಕಾಶವಿಲ್ಲ. ದರ ಮಿತಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದು.

ಇನ್ನು ದಿನದ ಕೊನೆ. ಮೂರೂವರೆಗೆ ಪೇಟೆ ಮುಚ್ಚಿದಾಗ ಮಾರಾಟವಾಗದ ಆರ್ಡರುಗಳೆಲ್ಲ ರದ್ದಾಗುತ್ತವೆ. ಬೆಳಗ್ಗೆಯಿಂದ ಕಾದು ಸಾಲಿನ ಅರ್ಧಕ್ಕೆ ಬಂದಿದ್ದವನಿಗೂ ಸಂಜೆ ಸೇರಿದವನಿಗೂ ಮರುದಿನ ಒಂದೇ ಸ್ಥಾನ. ಒಂಬತ್ತು ಗಂಟೆಗೆ ಆರಂಭಪೂರ್ವ ಅವಧಿ ತೆರೆಯುತ್ತಿದ್ದಂತೆ ಹೊಸ ಸಾಲು ಕಟ್ಟುತ್ತದೆ, ಅಲ್ಲಿ ಉಳಿದದ್ದು ಒಂಬತ್ತೂಕಾಲಿನ ಮುಖ್ಯ ವಹಿವಾಟಿಗೆ ದಾಟುತ್ತದೆ. ರಾತ್ರಿಯೇ ಹಾಕಿಟ್ಟ ಆರ್ಡರುಗಳನ್ನು ದಲ್ಲಾಳಿ ಸಂಸ್ಥೆಗಳ ಯಂತ್ರಗಳು ಒಂಬತ್ತರ ಹೊತ್ತಿಗೆ ರಾಶಿಯಾಗಿ ಕಳಿಸುತ್ತವೆ. ಷೇರುಪೇಟೆಗೆ ವೇಗದ ಸಂಪರ್ಕ ಇಟ್ಟುಕೊಂಡವರು ಮೊದಲ ಕ್ಷಣದಲ್ಲೇ ಒಳಗಿರುತ್ತಾರೆ. ನಮ್ಮ ಬೆಳೆಗಾರರು ಕಾಫಿ ಕುಡಿದು ಒಂಬತ್ತೂವರೆಗೆ ಮೊಬೈಲ್ ಹಿಡಿದರೆ ಆ ದಿನ ಅವರ ಪಾಲಿಗೆ ಆಗಲೇ ಮುಗಿದಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ, ಇದು ಉದಾಹರಣೆಯ ಅಂಕಿ. ತಳದಲ್ಲಿ 40 ಲಕ್ಷ ಷೇರುಗಳು ಮಾರಾಟಕ್ಕೆ ನಿಂತಿವೆ, ದಿನವಿಡೀ ಕೈಬದಲಾದದ್ದು 2 ಲಕ್ಷ. ಇಪ್ಪತ್ತು ದಿನ ಕಾದರೆ ನನ್ನ ಸರದಿ ಬರುತ್ತದೆ ಎಂದು ಅನಿಸುವುದು ಸಹಜ. ಆದರೆ ಸಾಲು ದಿನವೂ ಅಳಿಸಿ ಹೋಗುವುದರಿಂದ ಸರದಿ ಎಂಬುದೇ ಇಲ್ಲ. ಪ್ರತಿ ಬೆಳಗ್ಗೆಯೂ ಇಪ್ಪತ್ತರಲ್ಲಿ ಒಂದರಷ್ಟು ಅವಕಾಶದ ಹೊಸ ಚೀಟಿ ಎತ್ತಿದಂತೆ. ಮನೆಯ ಮೊಬೈಲಿನಿಂದ ಎತ್ತುವವರಿಗೆ ಆ ಅವಕಾಶ ಇನ್ನೂ ಕಡಿಮೆ. ಸೋತ ಪ್ರತಿ ದಿನಕ್ಕೂ ಬೆಲೆ ಇನ್ನೊಂದು ಮೆಟ್ಟಿಲು ಕೆಳಗೆ.

ಕಾಫಿ ಡೇ ಪ್ರಕರಣದಲ್ಲಿ ಸಾಲು ಅಷ್ಟು ಉದ್ದವಾಗಲು ಇನ್ನೊಂದು ಕಾರಣವಿತ್ತು. ಕಂಪನಿಯ ಸುಮಾರು 21 ಕೋಟಿ ಷೇರುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡವರ ಬಳಿಯಿತ್ತು. ಅದರಲ್ಲಿ ಸರಿಸುಮಾರು ಮುಕ್ಕಾಲು ಭಾಗ ಸಾಲಕ್ಕೆ ಅಡವಿಡಲಾಗಿತ್ತು. ಅಡವಿಟ್ಟ ಷೇರಿನ ಬೆಲೆ ಕುಸಿದಾಗ ಸಾಲ ಕೊಟ್ಟವರು ಹೆಚ್ಚಿನ ಭದ್ರತೆ ಕೇಳುತ್ತಾರೆ, ಸಿಗದಿದ್ದರೆ ಆ ಷೇರುಗಳನ್ನು ಮಾರುವ ಹಕ್ಕು ಅವರಿಗಿರುತ್ತದೆ. ಅಡವಿನ ಪ್ರಮಾಣ ಕಂಪನಿಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಷೇರು ಹಂಚಿಕೆಯ ವಿವರದಲ್ಲಿರುತ್ತದೆ, ಯಾರು ಬೇಕಾದರೂ ಓದಬಹುದು. ಅದನ್ನು ಓದಿದ್ದ ಯಾವ ಖರೀದಿದಾರನಿಗಾದರೂ, ತನ್ನ ಎದುರಿರುವ ಸಾಲಿನ ಹಿಂದೆ ಇನ್ನೂ ಕಾಣದ ದೊಡ್ಡ ಮಾರಾಟಗಾರರಿರಬಹುದು ಎಂಬ ಅಳುಕು ಇದ್ದೇ ಇರುತ್ತದೆ.

ಖರೀದಿದಾರ ಏಕೆ ಬರುವುದಿಲ್ಲ ಎಂಬುದನ್ನು ಅವನ ಕಡೆಯಿಂದಲೂ ಯೋಚಿಸಬೇಕು. ಈ ಷೇರಿಗೆ 130 ರೂಪಾಯಿ ಬಾಳುತ್ತದೆ ಎಂದು ನಂಬಿದ ಒಬ್ಬನಿದ್ದಾನೆ ಎನ್ನಿ. ಮಂಗಳವಾರ 154.05 ಕೊಟ್ಟು ಅವನು ಕೊಳ್ಳುವುದಿಲ್ಲ, ಕಡಿಮೆ ಬೆಲೆ ಕೂಗಿದರೆ ಅವನ ಆರ್ಡರೂ ತಿರಸ್ಕೃತವಾಗುತ್ತದೆ. ಹೇಗಿದ್ದರೂ ನಾಳೆ ಇನ್ನೂ ಅಗ್ಗವಾಗಿ ಸಿಗುತ್ತದೆ ಎಂದು ಸಾಲಿನ ಉದ್ದವೇ ಅವನಿಗೆ ಹೇಳುತ್ತಿರುತ್ತದೆ. ಸುಮ್ಮನೆ ಕಾಯುತ್ತಾನೆ. ಬುಧವಾರ ಬೆಲೆ 123.25ಕ್ಕೆ ಬಂತು, ಅವನ ಲೆಕ್ಕಕ್ಕೆ ಅದು ಕೊಳ್ಳುವ ಬೆಲೆ. ಅಷ್ಟರಲ್ಲಿ ಬೆಳಗಿನ ಸುದ್ದಿ ಬಂದಿತ್ತು. ನಾಪತ್ತೆಯಾದವರು ಇನ್ನಿಲ್ಲ ಎಂದು ಖಚಿತವಾಗಿತ್ತು. ಅವರು ಬರೆದಿಟ್ಟರೆನ್ನಲಾದ ಪತ್ರದಲ್ಲಿ ಸಾಲ ಕೊಟ್ಟವರ ಒತ್ತಡದ ಮಾತಿತ್ತು. ಅವನ 130 ಈಗ 100 ಆಗಿರಬಹುದು. ಹೀಗೆ ತಳ ಇಳಿಯುವ ವೇಗಕ್ಕಿಂತ ನಂಬಿಕೆ ಇಳಿಯುವ ವೇಗ ಹೆಚ್ಚಾದಾಗ ಒಂದು ದಿನದ ಬೀಗವೇ ಮರುದಿನದ ಬೀಗವನ್ನು ಹಾಕುತ್ತದೆ.

ಇಷ್ಟಾದ ಮೇಲೆ ಮಿತಿಯನ್ನು ಶೇ 20ರಿಂದ 10ಕ್ಕೆ ಇಳಿಸಲಾಯಿತು. ಹೂಡಿಕೆದಾರರನ್ನು ಕಾಪಾಡುವುದು, ಗಾಬರಿಯನ್ನು ತಣಿಸುವುದು ಇಂಥ ಕ್ರಮದ ಉದ್ದೇಶ. ಸುಳ್ಳು ಸುದ್ದಿಯಿಂದ ಒಂದು ಷೇರು ನೆಲಕಚ್ಚಿದಾಗ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಮರುದಿನದೊಳಗೆ ಸತ್ಯ ತಿಳಿಯುತ್ತದೆ, ಗಾಬರಿಯಿಂದ ಮಾರದೆ ಉಳಿದವನು ಬದುಕುತ್ತಾನೆ. ಆದರೆ ಸುದ್ದಿ ನಿಜವಾಗಿದ್ದು, ಕಂಪನಿಯ ಬೆಲೆಯೇ ಬದಲಾಗಿದ್ದಾಗ, ಮಿತಿ ಕಿರಿದಾದಷ್ಟೂ ಹೊಸ ಬೆಲೆಯನ್ನು ತಲುಪುವ ದಾರಿ ಉದ್ದವಾಗುತ್ತದೆ. ದಿನಕ್ಕೆ ಶೇ 20ರ ಮಿತಿಯಲ್ಲಿ ಬೆಲೆ ಅರ್ಧಕ್ಕಿಳಿಯಲು ನಾಲ್ಕು ದಿನ ಸಾಕು. ಶೇ 10ರಲ್ಲಿ ಏಳು ದಿನ. ಶೇ 5ರಲ್ಲಿ ಹದಿನಾಲ್ಕು ವಹಿವಾಟಿನ ದಿನಗಳು, ಅಂದರೆ ಹತ್ತಿರ ಹತ್ತಿರ ಮೂರು ವಾರ. ಅಷ್ಟು ದಿನವೂ ಬೆಳೆಗಾರರು ಒಂಬತ್ತಕ್ಕೆ ಎದ್ದು ಚೀಟಿ ಎತ್ತಬೇಕು. ಇಂಥ ಸಂದರ್ಭಕ್ಕೆ ಅಗಲವಾದ ಮಿತಿಯೇ ಕರುಣೆಯದ್ದು ಎಂಬುದು ನನ್ನ ಅಭಿಪ್ರಾಯ.

ಹೋಲಿಕೆಗೆ 2009ರ ಜನವರಿ 7ರ ಸತ್ಯಂ ಕಂಪ್ಯೂಟರ್ಸ್ ನೆನಪಿಸಿಕೊಳ್ಳಬಹುದು. ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಮುಂದಿನ ದಿನಾಂಕದ ಬೆಲೆಯ ಒಪ್ಪಂದಗಳ ವಹಿವಾಟು ಇರುವ ಷೇರುಗಳಿಗೆ ಗಟ್ಟಿ ದರ ಮಿತಿ ಇರುವುದಿಲ್ಲ. ಅಲ್ಲಿನ ತಡೆ ಬೆಲೆಯೊಂದಿಗೆ ಸರಿಯುತ್ತಾ ಹೋಗುತ್ತದೆ. ಲೆಕ್ಕಪತ್ರ ಸುಳ್ಳೆಂದು ಕಂಪನಿಯ ಅಧ್ಯಕ್ಷರೇ ಒಪ್ಪಿಕೊಂಡ ಆ ದಿನ ಷೇರು ಹಿಂದಿನ ದಿನದ 179.10ರಿಂದ ಒಂದೇ ದಿನದಲ್ಲಿ 39.95ಕ್ಕೆ ಬಿತ್ತು. ಭೀಕರ ನಷ್ಟ. ಆದರೂ ಅಂದು ಮಾರಬೇಕೆಂದವನಿಗೆ ಮಾರಲು ಸಾಧ್ಯವಾಯಿತು, ಏಕೆಂದರೆ ಪ್ರತಿ ಹಂತದಲ್ಲೂ ಯಾರೋ ಒಬ್ಬ ಖರೀದಿದಾರನಿದ್ದ. ಕಾಫಿ ಡೇ ಷೇರು ಆ ವಿಭಾಗದಲ್ಲಿರಲಿಲ್ಲ. ನಷ್ಟವನ್ನು ಮುಂಚಿತವಾಗಿ ಕಟ್ಟಿಹಾಕಲು, ಗೊತ್ತಾದ ಬೆಲೆಗೆ ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್ ಕೊಳ್ಳುವ ದಾರಿಯೂ ಅದರ ಹೂಡಿಕೆದಾರರಿಗೆ ಇರಲಿಲ್ಲ.

ಈ ದಿನಗಳ ನಕ್ಷೆಯನ್ನು ಓದುವುದು ಹೇಗೆ? ದಿನಪೂರ್ತಿ ಬೀಗ ಬಿದ್ದ ಷೇರಿನ ನಕ್ಷೆಯಲ್ಲಿ ಮೇಣದಬತ್ತಿಯ ಆಕಾರ ಮೂಡುವುದಿಲ್ಲ. ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ನಾಲ್ಕೂ ಒಂದೇ ಆಗಿ ಚಿಕ್ಕದೊಂದು ಅಡ್ಡಗೆರೆ ಉಳಿಯುತ್ತದೆ. ಇಂಥ ದಿನಗಳು ಒಂದರ ಹಿಂದೊಂದು ಬಂದರೆ ಮೆಟ್ಟಿಲ ಹಾಗೆ ಗೆರೆಗಳು ಇಳಿಯುತ್ತವೆ. ನಕ್ಷೆಯ ತಂತ್ರಾಂಶ ಅವುಗಳ ಮೇಲೂ ಸೂಚಕಗಳನ್ನು ಎಳೆಯುತ್ತದೆ, ವಿಪರೀತ ಮಾರಾಟವಾಗಿದೆ, ತಿರುಗುವ ಕಾಲ ಬಂದಿದೆ ಎಂಬಂಥ ಸಂಕೇತ ತೋರಿಸುತ್ತದೆ. ಆ ಸೂಚಕಗಳಿಗೆ ಆಹಾರ ಕೊಳ್ಳುವವರೂ ಮಾರುವವರೂ ಒಪ್ಪಿದ ಬೆಲೆ. ಇಲ್ಲಿ ಒಪ್ಪಂದವೇ ಆಗಿಲ್ಲ. ವಿಪರೀತ ಮಾರಾಟ ಎನ್ನಲು ಮೊದಲು ಮಾರಾಟ ಆಗಬೇಕು.

ಖಾತೆಯಲ್ಲಿ ಕಾಣುವ ಮೌಲ್ಯದ್ದೂ ಇದೇ ಕಥೆ. ಮಂಗಳವಾರ ಸಂಜೆ ನಮ್ಮ ಬೆಳೆಗಾರರ 500 ಷೇರುಗಳ ಎದುರು 77,025 ರೂಪಾಯಿ ಎಂದು ಬರೆದಿರುತ್ತದೆ. ಆ ಹಣ ಯಾರೂ ಕೊಡುತ್ತಿಲ್ಲ. ನಿಜವಾದ ಬೆಲೆ ಇದಕ್ಕಿಂತ ಕೆಳಗೆ ಎಲ್ಲೋ ಇದೆ, ಎಲ್ಲಿದೆ ಎಂದು ತಿಳಿಯುವುದನ್ನು ನಿಯಮವೇ ತಡೆದಿದೆ ಎಂದಷ್ಟೇ ಅದರ ಅರ್ಥ. ಗುರುವಾರ ಸಂಜೆ ಅದೇ ಜಾಗದಲ್ಲಿ 55,475 ಇರುತ್ತದೆ. ಇದನ್ನು ಕೈಯಲ್ಲಿರುವ ಹಣವೆಂದು ಭಾವಿಸಿ ಯಾರಿಗಾದರೂ ಮಾತು ಕೊಟ್ಟರೆ ತೊಂದರೆ ಖಂಡಿತ.

ಹಾಗಾದರೆ ಬೇರೆ ಬಾಗಿಲುಗಳಿದ್ದವೇ? ಒಂದಿತ್ತು, ಕಿರಿದಾದದ್ದು. ರಾಷ್ಟ್ರೀಯ ಷೇರುಪೇಟೆಯಾದ ಎನ್‌ಎಸ್‌ಇ ಮತ್ತು ಮುಂಬೈ ಷೇರುಪೇಟೆಯಾದ ಬಿಎಸ್‌ಇ ಎರಡರ ಸಾಲೂ ಬೇರೆ, ತಳವೂ ಸ್ವಲ್ಪ ಬೇರೆ. ಮಂಗಳವಾರ ಎನ್‌ಎಸ್‌ಇಯ ತಳ 153.40 ಇತ್ತು. 500 ಷೇರುಗಳನ್ನು 250ರಂತೆ ಎರಡೂ ಕಡೆ ಹಂಚಿ, ರಾತ್ರಿಯೇ ತಳದ ಬೆಲೆಗೆ ಆರ್ಡರ್ ಹಾಕಿಟ್ಟರೆ ಎರಡು ಚೀಟಿ ಎತ್ತಿದಂತಾಗುತ್ತದೆ. ಮರುದಿನದ ತಳವನ್ನು ಮುಕ್ತಾಯ ಬೆಲೆಯಿಂದ ನಾವೇ ಲೆಕ್ಕ ಹಾಕಬಹುದು, ಆದರೆ ಮಿತಿಯ ಪ್ರಮಾಣ ಬದಲಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಶೇ 20 ಎಂದುಕೊಂಡು ಹಾಕಿದ ಆರ್ಡರ್ ಶೇ 10ರ ದಿನ ಬೆಳಗ್ಗೆಯೇ ತಿರಸ್ಕೃತವಾಗುತ್ತದೆ, ಸಾಲಿನ ಮುಂಭಾಗ ಆಗ ಕೈತಪ್ಪುತ್ತದೆ. ರಾಶಿ ಷೇರುಗಳನ್ನು ಒಂದೇ ಏಟಿಗೆ ಕೈಬದಲಿಸಲು ದೊಡ್ಡವರಿಗಿರುವ ಬ್ಲಾಕ್ ಡೀಲ್ ಕಿಂಡಿಗೆ ಆಗ ಕನಿಷ್ಠ 10 ಕೋಟಿ ರೂಪಾಯಿಯ ಆರ್ಡರ್ ಬೇಕಿತ್ತು, ಅಲ್ಲೂ ಬೆಲೆಯನ್ನು ಹಿಂದಿನ ಬೆಲೆಯ ಆಸುಪಾಸಿಗೇ ಕಟ್ಟಿಹಾಕಲಾಗಿತ್ತು.

ಬೀಗ ಸಡಿಲವಾಗುವ ಸೂಚನೆ ಬೆಲೆಯಲ್ಲಿ ಕಾಣುವುದಿಲ್ಲ, ಪ್ರಮಾಣದಲ್ಲಿ ಕಾಣುತ್ತದೆ. ಬೆಲೆ ತಳದಲ್ಲೇ ಇದ್ದರೂ ಆ ದಿನ ಕೈಬದಲಾದ ಷೇರುಗಳ ಸಂಖ್ಯೆ ಹಿಂದಿನ ದಿನಗಳ ಹಲವು ಪಟ್ಟು ಏರಿ, ಬಲಗಡೆ ನಿಂತ ರಾಶಿ ಕರಗತೊಡಗಿದರೆ, ತಳದ ಬೆಲೆಗೆ ನಿಜವಾದ ಖರೀದಿದಾರ ಬಂದಿದ್ದಾನೆ ಎಂದು ಅರ್ಥ. ಬಾಗಿಲು ತೆರೆಯುವುದು ಆ ಹೊತ್ತಿನಲ್ಲಿ. ವಿಚಿತ್ರವೆಂದರೆ ಎಷ್ಟೋ ಜನ ಆಗ ತಮ್ಮ ಆರ್ಡರನ್ನು ಹಿಂತೆಗೆದುಕೊಳ್ಳುತ್ತಾರೆ, ಬೆಲೆ ಏರುತ್ತದೆಂಬ ಆಸೆಗೆ. ದಿನಗಟ್ಟಲೆ ಹೊರಬರಲು ಒದ್ದಾಡಿದವರು ಬಾಗಿಲು ತೆರೆದ ಗಳಿಗೆಯಲ್ಲಿ ಒಳಗೇ ಉಳಿಯುತ್ತಾರೆ. ಏಕೆ ಮಾರಲು ಹೊರಟಿದ್ದೆ ಎಂಬ ಕಾರಣ ಇನ್ನೂ ಹಾಗೇ ಇದೆಯೇ ಎಂದು ಆ ಗಳಿಗೆಯಲ್ಲಿ ಕೇಳಿಕೊಳ್ಳಬೇಕು.

ಕಾಫಿ ಡೇ ವಿಷಯದಲ್ಲಿ ಕಾರಣ ಹಾಗೇ ಇತ್ತು. ಕಂಪನಿಯ ಅಂಗಸಂಸ್ಥೆಗಳಿಂದ ಪ್ರವರ್ತಕರಿಗೆ ಸೇರಿದ ಖಾಸಗಿ ಕಂಪನಿಯೊಂದಕ್ಕೆ 3,535 ಕೋಟಿ ರೂಪಾಯಿ ಹೋಗಿತ್ತು ಎಂಬುದು ಮುಂದಿನ ತನಿಖೆಯಲ್ಲಿ ಹೊರಬಂತು. 2023ರ ಜನವರಿಯಲ್ಲಿ ಷೇರುಪೇಟೆಗಳ ನಿಯಂತ್ರಕ ಸಂಸ್ಥೆ ಸೆಬಿ ಕಂಪನಿಗೆ 26 ಕೋಟಿ ರೂಪಾಯಿ ದಂಡ ವಿಧಿಸಿತು. ಅದಕ್ಕೂ ಮೊದಲೇ ಇನ್ನೊಂದು ಬಗೆಯ ಬೀಗ ಬಿದ್ದಿತ್ತು. ತ್ರೈಮಾಸಿಕ ಫಲಿತಾಂಶಗಳನ್ನು ಸಲ್ಲಿಸದ ಕಾರಣಕ್ಕೆ 2020ರ ಫೆಬ್ರುವರಿ ಆರಂಭದಲ್ಲಿ ಷೇರುಪೇಟೆಗಳು ಈ ಷೇರಿನ ವಹಿವಾಟನ್ನೇ ಅಮಾನತಿನಲ್ಲಿಟ್ಟವು. 2021ರ ಏಪ್ರಿಲ್ ಕೊನೆಯವರೆಗೆ, ಹೆಚ್ಚುಕಡಿಮೆ ಹದಿನೈದು ತಿಂಗಳು, ಅದು ಮತ್ತೆ ತೆರೆಯಲಿಲ್ಲ. ಸರ್ಕ್ಯೂಟಿನ ದಿನಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಲ್ಲಲು ಒಂದು ಸಾಲಾದರೂ ಇತ್ತು. ಈ ಹದಿನೈದು ತಿಂಗಳು ಅದೂ ಇರಲಿಲ್ಲ.